ಹಳೆಯ ಮ್ಯಾನೇಜರಿಗೆ ಬರೆಯುವ ಮೇಲ್

ಒಳ್ಳೆಯ ಮಾತಿನಲ್ಲೇ ಬಿಟ್ಟುಬಂದ ಕಂಪನಿಗೆ ಮತ್ತೆ ಸೇರಬೇಕು ಎನ್ನಿಸಿದವರು ಸಾಮಾನ್ಯವಾಗಿ ಮೊದಲು ಬರೆಯುವುದು ಹಳೆಯ ಮ್ಯಾನೇಜರಿಗೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇಂಥ ಮರುಸೇರ್ಪಡೆ ಅಪರೂಪವೇನಲ್ಲ. ಹೀಗೆ ಮರಳಿದವರನ್ನು ಎಚ್‌ಆರ್ ವಿಭಾಗದವರು ‘ರೀಹೈರ್’ ಎಂದೋ ‘ಬೂಮರಾಂಗ್’ ಎಂದೋ ಕರೆಯುತ್ತಾರೆ. 2013ರಲ್ಲಿ ನಾರಾಯಣ ಮೂರ್ತಿಯವರು, 2017ರಲ್ಲಿ ನಂದನ್ ನಿಲೇಕಣಿಯವರು ಇನ್ಫೋಸಿಸ್‌ಗೆ ಮರಳಿದಾಗ ಕಂಪನಿಯ ಆಡಳಿತ ಮಂಡಳಿಯೇ ಅವರನ್ನು ಕರೆದಿತ್ತು. ಸಾಮಾನ್ಯ ಇಂಜಿನಿಯರನ್ನು ಯಾರೂ ಹಾಗೆ ಕರೆಯುವುದಿಲ್ಲ, ಅವರೇ ಬಾಯಿಬಿಟ್ಟು ಕೇಳಬೇಕು. ಆ ಕೇಳಿಕೆ ಒಂದು ಸಣ್ಣ ಇಮೇಲ್. ಚೆನ್ನಾಗಿ ಬರೆದರೆ ಹತ್ತು ಹನ್ನೆರಡು ಸಾಲಿಗಿಂತ ಹೆಚ್ಚಾಗುವುದಿಲ್ಲ. ಆದರೆ ಅದನ್ನು ಹಾಗೆ ಬರೆಯಬೇಕಾದರೆ, ಕಳುಹಿಸಿದ ಮೇಲೆ ಅದು ಯಾರ ಯಾರ ಕೈಗೆ ಹೋಗುತ್ತದೆ ಎಂಬುದು ಮೊದಲು ತಿಳಿದಿರಬೇಕು.

ಮ್ಯಾನೇಜರಿಗೆ ಮೇಲ್ ಹೋದರೂ ಕೆಲಸ ಕೊಡುವ ಅಧಿಕಾರ ಅವರೊಬ್ಬರ ಕೈಯಲ್ಲಿ ಇರುವುದಿಲ್ಲ. ಟೀಮಿನಲ್ಲಿ ಎಷ್ಟು ಜನ ಇರಬಹುದು ಎಂಬ ಹೆಡ್‌ಕೌಂಟ್ ವರ್ಷದ ಬಜೆಟ್‌ನಲ್ಲಿ ನಿಗದಿಯಾಗಿರುತ್ತದೆ. ಖಾಲಿ ಜಾಗ ಇದ್ದರೂ ಅದನ್ನು ತುಂಬಲು ಮೇಲಿನವರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಮೇಲೆ ಎಚ್‌ಆರ್‌ನವರು ಹಳೆಯ ಫೈಲು ತೆಗೆಯುತ್ತಾರೆ. ನೋಟಿಸ್ ಅವಧಿ ಪೂರ್ತಿ ಮುಗಿಸಿ ಹೋದರೋ ಇಲ್ಲವೋ, ಲ್ಯಾಪ್‌ಟಾಪ್ ವಾಪಸ್ ಬಂದಿತ್ತೋ, ಕೊನೆಯ ಲೆಕ್ಕಾಚಾರ ಚುಕ್ತಾ ಆಗಿತ್ತೋ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಬಿಡುವಾಗ ತುಂಬುವ ಎಕ್ಸಿಟ್ ಫಾರಂ. ‘ಇವರನ್ನು ಮತ್ತೆ ಸೇರಿಸಿಕೊಳ್ಳಬಹುದೇ’ ಎಂಬ ಪ್ರಶ್ನೆ ಬಹಳ ಕಂಪನಿಗಳ ಆ ಫಾರಂನಲ್ಲಿ ಇರುತ್ತದೆ. ಮ್ಯಾನೇಜರ್ ಅಲ್ಲಿ ಏನು ಗುರುತು ಹಾಕಿದ್ದರು ಎಂಬುದು ಬಿಟ್ಟುಹೋದವರಿಗೆ ಗೊತ್ತಿರುವುದಿಲ್ಲ. ‘ಒಳ್ಳೆಯ ಮಾತಿನಲ್ಲಿ ಬಿಟ್ಟೆ’ ಎಂಬುದಕ್ಕೆ ಕಂಪನಿಯ ಕಡೆಯ ಅರ್ಥ ಈ ಕಾಗದಗಳೇ. ಕೊನೆಯ ದಿನ ಕತ್ತರಿಸಿದ ಕೇಕು ಆ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಹಳೆಯ ಮ್ಯಾನೇಜರ್ ಎಷ್ಟೇ ಒಲವುಳ್ಳವರಾದರೂ ಅವರು ಮಾಡುವ ಮೊದಲ ಕೆಲಸ ಮೇಲನ್ನು ಎಚ್‌ಆರ್‌ಗೋ ತಮ್ಮ ಮೇಲಿನವರಿಗೋ ಫಾರ್ವರ್ಡ್ ಮಾಡುವುದು. ‘ಇವರು ನಮ್ಮ ಟೀಮಿನಲ್ಲಿದ್ದವರು, ಕೆಲಸ ಚೆನ್ನಾಗಿತ್ತು, ಜಾಗ ಇದೆಯೇ ನೋಡಿ’ ಎಂದು ಮೇಲೆ ಎರಡು ಸಾಲು ಸೇರಿಸುತ್ತಾರೆ. ಕೆಳಗೆ ಮೂಲ ಮೇಲ್ ಇದ್ದ ಹಾಗೇ ಹೋಗುತ್ತದೆ. ಬರೆದವರ ಮುಖವನ್ನೇ ನೋಡಿರದ ಒಬ್ಬರು ಅದನ್ನು ಓದುತ್ತಾರೆ. ಈ ಎರಡನೆಯ ಓದುಗರನ್ನು ನೆನಪಿಟ್ಟುಕೊಂಡು ಬರೆದ ಮೇಲ್ ಮುಂದಕ್ಕೆ ಸಾಗುತ್ತದೆ. ಮ್ಯಾನೇಜರೊಬ್ಬರಿಗೇ ಎಂದು ಬರೆದದ್ದು ಅವರ ಇನ್‌ಬಾಕ್ಸ್‌ನಲ್ಲೇ ಉಳಿದುಬಿಡುತ್ತದೆ. ಫಾರ್ವರ್ಡ್ ಮಾಡಬೇಕಾದರೆ ಅವರು ಅದನ್ನು ತಿದ್ದಬೇಕು, ಇಲ್ಲವೇ ಇನ್ನೊಮ್ಮೆ ಬರೆದು ಕಳುಹಿಸಿ ಎಂದು ಹೇಳಬೇಕು. ಎರಡಕ್ಕೂ ಅವರಿಗೆ ಪುರುಸೊತ್ತು ಇರುವುದಿಲ್ಲ.

ಉದಾಹರಣೆಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಒಬ್ಬ ಇಂಜಿನಿಯರನ್ನು ಕಲ್ಪಿಸಿಕೊಳ್ಳಬಹುದು. ಬ್ಯಾಂಕ್ ಸಾಲದ ಸಾಫ್ಟ್‌ವೇರ್ ಮಾಡುವ ಬೆಂಗಳೂರಿನ ಕಂಪನಿಯಲ್ಲಿ 2019ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಕೆಲಸ ಮಾಡಿದವರು. ಸಂಬಳ ಹೆಚ್ಚು ಸಿಕ್ಕಿತು, ಸ್ಟಾರ್ಟಪ್‌ನ ಕೆಲಸ ನೋಡುವ ಆಸೆಯೂ ಇತ್ತು, ಬಿಟ್ಟರು. ಅಲ್ಲಿ ಒಂದೂವರೆ ವರ್ಷ ಹತ್ತಿರ ಬರುವಷ್ಟರಲ್ಲಿ ಕೈಗೆ ಬರುತ್ತಿದ್ದುದು ಮೊಬೈಲ್ ಆ್ಯಪ್ ಪರೀಕ್ಷಿಸುವ ಕೆಲಸ ಮಾತ್ರ. ಸಾಲದ ಬಡ್ಡಿ, ಕಂತು, ಬಾಕಿ ಲೆಕ್ಕಗಳಲ್ಲಿ ಗಳಿಸಿದ್ದ ಪಳಗಿಕೆ ಉಪಯೋಗಕ್ಕೆ ಬರುತ್ತಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ಹಳೆಯ ಮ್ಯಾನೇಜರಿಗೆ ಬರೆಯಲು ಕುಳಿತರು ಎಂದಿಟ್ಟುಕೊಳ್ಳೋಣ. ಮೊದಲ ಕರಡು ಹೆಚ್ಚುಕಡಿಮೆ ಹೀಗೆ ಬರುತ್ತದೆ:

‘ನಮಸ್ಕಾರ ಮೇಡಂ, ಹೇಗಿದ್ದೀರಿ? ಬಹಳ ದಿನದಿಂದ ನಿಮಗೆ ಮೇಲ್ ಮಾಡಬೇಕು ಅಂದುಕೊಳ್ಳುತ್ತಿದ್ದೆ. ನಿಮ್ಮಂಥ ಮ್ಯಾನೇಜರ್ ನನಗೆ ಇಲ್ಲಿ ಸಿಗಲಿಲ್ಲ. ಇಲ್ಲಿ ಪ್ಲಾನಿಂಗ್ ಎನ್ನುವುದೇ ಇಲ್ಲ, ಶನಿವಾರ ಭಾನುವಾರವೂ ಕೆಲಸ. ಅಲ್ಲಿಂದ ಬಿಡಬಾರದಿತ್ತು ಎಂದು ಈಗ ಅನ್ನಿಸುತ್ತಿದೆ. ಯಾವ ಕೆಲಸವಾದರೂ ಸರಿ, ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಫೋನಿನಲ್ಲಿ ಹೇಳಿದ್ದರೆ ಮಾತಿನ ಓಟದಲ್ಲಿ ಹೋಗಿಬಿಡುತ್ತಿತ್ತು. ಎಚ್‌ಆರ್‌ನವರ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಇವರು ಯಾವಾಗ ಇದ್ದರು, ಏನು ಕೆಲಸ ಮಾಡುತ್ತಿದ್ದರು, ಈಗ ಏನು ಬಲ್ಲರು, ಯಾವಾಗ ಬರಬಲ್ಲರು ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಸಿಗುವ ಮಾಹಿತಿ ಒಂದೇ, ಈಗಿನ ಕಂಪನಿಯ ಮೇಲಿನ ದೂರು. ಇಂದು ಆ ಕಂಪನಿಯನ್ನು ದೂರುವವರು ನಾಳೆ ನಮ್ಮನ್ನೂ ದೂರಿಯಾರು ಎಂಬ ಲೆಕ್ಕ ಓದುವವರ ತಲೆಯಲ್ಲಿ ಓಡುತ್ತದೆ. ‘ಬಿಡಬಾರದಿತ್ತು’ ಎಂಬ ಪಶ್ಚಾತ್ತಾಪವೂ ನೆರವಾಗುವುದಿಲ್ಲ. ಹಳೆಯ ಮ್ಯಾನೇಜರಿಗೆ ಅದು ಮುಜುಗರ, ಹೊಸಬರಿಗೆ ಅದು ಚಂಚಲತೆ. ‘ಯಾವ ಕೆಲಸವಾದರೂ ಸರಿ’ ಎಂಬ ಮಾತಂತೂ ವಿನಯದಂತೆ ಕಂಡರೂ ಓದುವವರ ಮೇಲೆ ಹೊರೆ ಹೊರಿಸುತ್ತದೆ, ಯಾವ ಕೆಲಸಕ್ಕೆ ಇವರು ಹೊಂದುತ್ತಾರೆ ಎಂದು ಹುಡುಕುವ ಕೆಲಸ ಅವರದಾಗುತ್ತದೆ.

ಅದೇ ವಿಷಯವನ್ನು ಸರಿಪಡಿಸಿ ಬರೆದರೆ ಮೇಲ್ ಹೀಗಿರಬಹುದು. ಬೆಂಗಳೂರಿನ ಕಚೇರಿಗಳಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುವುದೇ ಹೆಚ್ಚು, ಆದರೂ ಒಳಗಿನ ಸಾಮಗ್ರಿ ಬದಲಾಗುವುದಿಲ್ಲ.

‘ವಿಷಯ: ಸಾಲದ ಮಾಡ್ಯೂಲ್ ಟೆಸ್ಟಿಂಗ್ ಟೀಮಿಗೆ ಮರಳಿ ಸೇರುವ ಅವಕಾಶದ ಬಗ್ಗೆ

ನಮಸ್ಕಾರ ಮೇಡಂ,

ಕ್ಷೇಮವೆಂದು ಭಾವಿಸುತ್ತೇನೆ. 2019ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ನಿಮ್ಮ ಟೀಮಿನಲ್ಲಿ ಸಾಲದ ಮಾಡ್ಯೂಲಿನ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ಕೊನೆಯ ಒಂದು ವರ್ಷ ರಿಲೀಸ್‌ಗೆ ಮುಂಚಿನ ರಿಗ್ರೆಷನ್ ಟೆಸ್ಟಿಂಗಿನ ಜವಾಬ್ದಾರಿ ನನ್ನದಾಗಿತ್ತು.

ನಿಮ್ಮ ಟೀಮಿನಲ್ಲಾಗಲಿ ಪಕ್ಕದ ಟೀಮುಗಳಲ್ಲಾಗಲಿ ಸೀನಿಯರ್ ಟೆಸ್ಟ್ ಇಂಜಿನಿಯರ್ ಮಟ್ಟದ ಜಾಗ ಈಗ ಅಥವಾ ಮುಂದಿನ ಕೆಲವು ತಿಂಗಳಲ್ಲಿ ಬರುವ ಸಾಧ್ಯತೆ ಇದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ.

ಈಗಿರುವ ಕಂಪನಿಯಲ್ಲಿ ಟೆಸ್ಟ್ ಆಟೊಮೇಷನ್ ಕೆಲಸವನ್ನು ಮೊದಲಿನಿಂದ ಕಟ್ಟುವ ಅವಕಾಶ ಸಿಕ್ಕಿತು. ಆದರೆ ಇಲ್ಲಿಯ ಕೆಲಸ ಪೂರ್ತಿ ಮೊಬೈಲ್ ಆ್ಯಪ್‌ಗೆ ಸಂಬಂಧಿಸಿದ್ದು. ಬ್ಯಾಂಕಿಂಗ್ ಕ್ಷೇತ್ರದಲ್ಲೇ ಮುಂದುವರಿಯಬೇಕೆಂಬುದು ನನ್ನ ಇಚ್ಛೆ.

ನನ್ನ ನೋಟಿಸ್ ಅವಧಿ 60 ದಿನ. ಹೊಸ ರೆಸ್ಯೂಮೆ ಲಗತ್ತಿಸಿದ್ದೇನೆ, ಹಳೆಯ ಎಂಪ್ಲಾಯಿ ನಂಬರ್ ಅದರಲ್ಲಿದೆ. ಸದ್ಯಕ್ಕೆ ಜಾಗ ಇಲ್ಲದಿದ್ದರೆ ಹಾಗೆಂದು ಒಂದು ಸಾಲು ತಿಳಿಸಿದರೂ ಸಾಕು. ಈ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ, ಆದ್ದರಿಂದ ಸಂಬಂಧಪಟ್ಟವರ ಬಳಿ ಮಾತ್ರ ಪ್ರಸ್ತಾಪಿಸಬೇಕಾಗಿ ವಿನಂತಿ.

ವಂದನೆಗಳು’

ಕೆಳಗೆ ಹೆಸರು ಮತ್ತು ಮೊಬೈಲ್ ನಂಬರ್. ನಂಬರ್ ಹಾಕಲು ಮರೆಯುವವರೇ ಹೆಚ್ಚು. ಹಳೆಯ ಮ್ಯಾನೇಜರ್ ಬಳಿ ಇದ್ದೇ ಇರುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಎಚ್‌ಆರ್‌ನವರ ಬಳಿ ಅದು ಇರುವುದಿಲ್ಲ.

ವಿಷಯದ ಸಾಲಿನಲ್ಲಿ ‘ಹಾಯ್’ ಎಂದೋ ‘ನೆನಪಿದೆಯೇ’ ಎಂದೋ ಬರೆದರೆ ಮೇಲ್ ತೆರೆದು ಓದುತ್ತಾರೆ, ನಿಜ. ಮೂರು ವಾರ ಬಿಟ್ಟು ಒಂದು ಜಾಗ ಖಾಲಿಯಾದಾಗ ಅದನ್ನು ಹುಡುಕಲು ಆಗುವುದಿಲ್ಲ. ಇಸವಿ, ತಿಂಗಳು, ಮಾಡ್ಯೂಲಿನ ಹೆಸರು ಮ್ಯಾನೇಜರಿಗೆ ಗೊತ್ತಿರುವ ಸಂಗತಿಗಳೇ, ಅವು ಅಲ್ಲಿರುವುದು ಎರಡನೆಯ ಓದುಗರಿಗಾಗಿ. ಎಂಪ್ಲಾಯಿ ನಂಬರ್ ಇದ್ದರೆ ಎಚ್‌ಆರ್‌ನವರು ಹಳೆಯ ಫೈಲನ್ನು ತಕ್ಷಣ ತೆಗೆಯಬಲ್ಲರು. ಅದು ಇಲ್ಲದಿದ್ದರೆ ಒಂದೇ ಹೆಸರಿನ ಹತ್ತಾರು ಮಂದಿಯ ನಡುವೆ ಹುಡುಕಬೇಕು.

ಕೇಳಿಕೆಯ ಮಾತನ್ನು ಗಮನಿಸಬೇಕು. ‘ಕೆಲಸ ಕೊಡಿ’ ಎಂದು ಅಲ್ಲಿಲ್ಲ, ಜಾಗ ಇದೆಯೇ, ಬರಬಹುದೇ ಎಂದು ಇದೆ. ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕಾದ ಇಕ್ಕಟ್ಟು ಮ್ಯಾನೇಜರದು. ಎರಡನೆಯದು ಬರೀ ಮಾಹಿತಿ, ಉತ್ತರಿಸುವುದು ಸುಲಭ. ‘ಪಕ್ಕದ ಟೀಮುಗಳಲ್ಲಾಗಲಿ’ ಎಂಬ ಮಾತಿನಿಂದ ಕೇಳಿಕೆಯ ವ್ಯಾಪ್ತಿ ಹಿಗ್ಗುತ್ತದೆ, ‘ಸೀನಿಯರ್ ಟೆಸ್ಟ್ ಇಂಜಿನಿಯರ್ ಮಟ್ಟದ’ ಎಂಬುದು ಅದು ಎಲ್ಲೆ ಮೀರದ ಹಾಗೆ ಹಿಡಿದಿಡುತ್ತದೆ. ಮರಳಿ ಬರುವವರ ವಿಷಯದಲ್ಲಿ ಈ ಮಟ್ಟದ ಪ್ರಶ್ನೆ ನಾಜೂಕಿನದು. ಇವರು ಹೊರಗಿದ್ದ ಕಾಲದಲ್ಲಿ ಹಳೆಯ ಸಹೋದ್ಯೋಗಿಗಳಿಗೆ ಬಡ್ತಿ ಸಿಕ್ಕಿರಬಹುದು, ಸಿಗದೆಯೂ ಇರಬಹುದು. ಬಿಟ್ಟುಹೋಗಿ ಬಂದವರು ಅಲ್ಲೇ ಉಳಿದವರಿಗಿಂತ ಮೇಲಿನ ಮಟ್ಟಕ್ಕೆ, ಹೆಚ್ಚಿನ ಸಂಬಳಕ್ಕೆ ಸೇರಿದರೆ ಟೀಮಿನೊಳಗೆ ಗೊಣಗಾಟ ಶುರುವಾಗುತ್ತದೆ. ಎಷ್ಟೋ ಮರುಸೇರ್ಪಡೆಗಳು ಕೂಡಿಬರದೆ ಹೋಗುವುದು ಈ ಕಾರಣಕ್ಕೆ, ಕೆಲಸ ಬರುವುದಿಲ್ಲ ಎಂಬ ಕಾರಣಕ್ಕಲ್ಲ. ಆದ್ದರಿಂದಲೇ ಮೊದಲ ಮೇಲ್‌ನಲ್ಲಿ ಸಂಬಳದ ಸುದ್ದಿ ಬೇಡ. ಅಂಕಿ ಬರೆದರೆ ಮಾತು ಶುರುವಾಗುವ ಮೊದಲೇ ಎಚ್‌ಆರ್‌ನವರು ಅದನ್ನು ಸಂಬಳದ ಪಟ್ಟಿಯೊಂದಿಗೆ ಹೋಲಿಸಿ ಬದಿಗಿಡುವ ಸಾಧ್ಯತೆ ಇರುತ್ತದೆ.

ಮರಳುವ ಕಾರಣವನ್ನು ಎರಡು ಮೂರು ವಾಕ್ಯದಲ್ಲಿ ಹೇಳುವುದು ಇಡೀ ಮೇಲ್‌ನಲ್ಲಿ ಕಷ್ಟದ ಭಾಗ. ಕಾರಣವೇ ಇಲ್ಲದಿದ್ದರೆ ಓದುವವರು ತಾವೇ ಒಂದನ್ನು ಊಹಿಸುತ್ತಾರೆ. ಅಲ್ಲಿಂದ ತೆಗೆದುಹಾಕುತ್ತಿದ್ದಾರೇನೋ ಎಂಬುದೇ ಆ ಊಹೆ. ಮೇಲಿನ ಮಾದರಿಯಲ್ಲಿ ಕಾರಣ ಕೆಲಸದ ಸ್ವರೂಪಕ್ಕೆ ಸಂಬಂಧಿಸಿದ್ದು, ಯಾರ ಮೇಲೂ ದೂರಿಲ್ಲ. ಅದರ ಜೊತೆಗೆ, ಹೋದಾಗ ಗೊತ್ತಿಲ್ಲದ ಆಟೊಮೇಷನ್ ಕೆಲಸ ಈಗ ಗೊತ್ತಿದೆ ಎಂಬ ಸುಳಿವೂ ಅದರಲ್ಲೇ ಸೇರಿದೆ. ಮರಳುವವರ ಬಗ್ಗೆ ಮ್ಯಾನೇಜರಿಗೆ ಇರುವ ದೊಡ್ಡ ಅನುಮಾನ ಒಂದೇ: ಮತ್ತೆ ಒಂದು ವರ್ಷಕ್ಕೆ ಹೋಗಿಬಿಟ್ಟರೆ? ‘ಇನ್ನು ಮುಂದೆ ಎಲ್ಲಿಗೂ ಹೋಗುವುದಿಲ್ಲ’ ಎಂಬ ಆಣೆಯಿಂದ ಆ ಅನುಮಾನ ಹೋಗುವುದಿಲ್ಲ. ಯಾಕೆ ಹೋದರು, ಯಾಕೆ ಬರುತ್ತಿದ್ದಾರೆ ಎಂಬ ಎರಡು ಕಾರಣಗಳು ಒಂದಕ್ಕೊಂದು ಹೊಂದಿಕೊಂಡರೆ ತಾನಾಗಿ ಕಡಿಮೆಯಾಗುತ್ತದೆ. ಕೆಲಸ ನಿಜಕ್ಕೂ ಹೋಗಿದ್ದರೆ, ಕಂಪನಿ ಮುಚ್ಚಿದ್ದರೆ, ಅದನ್ನು ನೇರವಾಗಿ ಬರೆಯುವುದೇ ಲೇಸು. ಸೇರುವ ಮೊದಲಿನ ಹಿನ್ನೆಲೆ ಪರಿಶೀಲನೆ ಮರಳುವವರಿಗೂ ತಪ್ಪುವುದಿಲ್ಲ, ನಡುವಿನ ಕಂಪನಿಯ ರಿಲೀವಿಂಗ್ ಲೆಟರ್ ಕೇಳಿಯೇ ಕೇಳುತ್ತಾರೆ.

ಮೇಲ್ ಯಾವಾಗ ಕಳುಹಿಸಬೇಕು ಎಂಬುದಕ್ಕೆ ಬಜೆಟ್ಟೇ ದಾರಿ ತೋರುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಪಾಲಿಸುವ ಕಂಪನಿಗಳಲ್ಲಿ ಮುಂದಿನ ವರ್ಷದ ಹೆಡ್‌ಕೌಂಟ್ ಚರ್ಚೆ ಜನವರಿಯಿಂದ ಮಾರ್ಚ್ ನಡುವೆ ನಡೆಯುತ್ತದೆ. ಆಗ ಮೇಲ್ ಬಂದರೆ ಮ್ಯಾನೇಜರಿಗೆ ಒಂದು ಜಾಗ ಸೇರಿಸಿ ಕೇಳಲು ಆಸ್ಪದವಿರುತ್ತದೆ. ಅಪ್ರೈಸಲ್ ಮುಗಿದು ಸಂಬಳ ಏರಿಕೆ ಕೈಸೇರಿದ ಮೇಲಿನ ಒಂದೆರಡು ತಿಂಗಳೂ ಒಳ್ಳೆಯ ಕಾಲ, ಬಿಟ್ಟುಹೋಗುವವರು ಕಾದಿದ್ದು ಬಿಡುವುದು ಆಗಲೇ. ಅಮೆರಿಕದ ಕಂಪನಿಗಳ ಶಾಖೆಗಳಲ್ಲಿ ವರ್ಷ ಜನವರಿಗೆ ಶುರುವಾಗುವುದುಂಟು. ಅಲ್ಲಿ ಈ ಲೆಕ್ಕ ಮೂರು ತಿಂಗಳು ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ತಡೆ ಕೂಲಿಂಗ್ ಆಫ್ ಅವಧಿ. ಬಿಟ್ಟುಹೋದವರನ್ನು ಇಂತಿಷ್ಟು ತಿಂಗಳು ಮತ್ತೆ ಸೇರಿಸಿಕೊಳ್ಳುವಂತಿಲ್ಲ ಎಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ಅದರ ಉದ್ದ ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲೇ ಇರುವ ಹಳೆಯ ಸಹೋದ್ಯೋಗಿಯನ್ನು ಕೇಳಿದರೆ ಎಚ್‌ಆರ್ ನೀತಿಯ ಪುಟ ನೋಡಿ ಹೇಳುತ್ತಾರೆ.

ಮೇಲ್ ಹೋಗಬೇಕಾದದ್ದು ಸ್ವಂತ ಮೇಲ್ ವಿಳಾಸದಿಂದ, ಸ್ವಂತ ಫೋನ್ ಅಥವಾ ಕಂಪ್ಯೂಟರಿನಿಂದ. ಈಗಿನ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಮೇಲ್ ತೆರೆದು ರೆಸ್ಯೂಮೆ ಲಗತ್ತಿಸುವುದೂ ಬೇಡ, ಅಂಥ ಲ್ಯಾಪ್‌ಟಾಪ್‌ಗಳ ಮೇಲೆ ನಿಗಾ ಇರುವುದು ಸಾಮಾನ್ಯ. ಹಳೆಯ ಮ್ಯಾನೇಜರ್ ಇನ್ನೂ ಅಲ್ಲೇ ಇದ್ದಾರೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಅವರೂ ಕಂಪನಿ ಬಿಟ್ಟಿದ್ದರೆ ಆಗ ಅವರ ಮೇಲಿನವರಾಗಿದ್ದವರಿಗೆ ಬರೆಯಬಹುದು. ಆಗ ಮೊದಲ ಸಾಲಿನಲ್ಲೇ ಯಾರ ಟೀಮಿನಲ್ಲಿ ಇದ್ದದ್ದು ಎಂದು ಹೇಳುವುದು ಅನಿವಾರ್ಯ.

ಇಲ್ಲಿ ಬಹಳ ಮಂದಿ ಜಾರುವ ಒಂದು ಕಡೆ ಇದೆ. ಮ್ಯಾನೇಜರಿಗೆ ಬರೆದ ಧೈರ್ಯದಲ್ಲಿ ಅದೇ ದಿನ ಕಂಪನಿಯ ವೆಬ್‌ಸೈಟಿನಲ್ಲೂ ಅರ್ಜಿ ಹಾಕುತ್ತಾರೆ, ಕನ್ಸಲ್ಟೆನ್ಸಿಯವರು ಫೋನ್ ಮಾಡಿದರೆ ಅವರಿಗೂ ರೆಸ್ಯೂಮೆ ಕೊಡುತ್ತಾರೆ. ಕನ್ಸಲ್ಟೆನ್ಸಿ ಮೂಲಕ ಮೊದಲು ಹೋದ ರೆಸ್ಯೂಮೆ ಒಪ್ಪಂದದ ಪ್ರಕಾರ ಕೆಲವು ತಿಂಗಳು ಆ ಕನ್ಸಲ್ಟೆನ್ಸಿಯ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಮ್ಯಾನೇಜರ್ ಇದೇ ಹೆಸರನ್ನು ಶಿಫಾರಸು ಮಾಡಿದರೂ ಸೇರಿಸಿಕೊಂಡರೆ ಕನ್ಸಲ್ಟೆನ್ಸಿಗೆ ಕಮಿಷನ್ ಕೊಡಬೇಕಾಗುತ್ತದೆ. ಸುಲಭವಾಗಿ, ಖರ್ಚಿಲ್ಲದೆ ಸಿಗುವ ಹಳಬರು ಎಂಬ ಅನುಕೂಲವೇ ಹೊರಟುಹೋಗುತ್ತದೆ. ಕೆಲವು ಕಡೆ ‘ಡೂಪ್ಲಿಕೇಟ್’ ಎಂದು ಸಿಸ್ಟಮ್ಮೇ ಅರ್ಜಿಯನ್ನು ತಡೆಯುತ್ತದೆ. ಮ್ಯಾನೇಜರ್ ಉತ್ತರ ಬರುವವರೆಗೆ ಆ ಕಂಪನಿಯ ಮಟ್ಟಿಗೆ ಬೇರೆ ದಾರಿ ಹಿಡಿಯದಿರುವುದು ಒಳ್ಳೆಯದು.

ಉತ್ತರ ಬರುವ ಬಗೆಯಲ್ಲೂ ಓದಿಕೊಳ್ಳಬೇಕಾದದ್ದಿದೆ. ಹಲವು ಮ್ಯಾನೇಜರುಗಳು ಮೇಲ್‌ನಲ್ಲಿ ಉತ್ತರಿಸುವುದೇ ಇಲ್ಲ, ಸಂಜೆ ಫೋನ್ ಮಾಡುತ್ತಾರೆ. ಒಪ್ಪಿಗೆಯಾಗದ ಜಾಗದ ಬಗ್ಗೆ ಹೊರಗಿನವರಿಗೆ ಬರವಣಿಗೆಯಲ್ಲಿ ಹೇಳುವುದು ಅವರಿಗೆ ಕಷ್ಟ. ಆ ಕರೆಯಲ್ಲಿ ‘ಎಷ್ಟು ನಿರೀಕ್ಷೆ ಇದೆ’ ಎಂಬ ಪ್ರಶ್ನೆ ಬರುವುದು ಹೆಚ್ಚುಕಡಿಮೆ ಖಚಿತ, ಅದಕ್ಕೆ ಉತ್ತರ ಮೇಲ್ ಕಳುಹಿಸುವ ಮೊದಲೇ ಸಿದ್ಧವಿರಬೇಕು. ‘ಎಚ್‌ಆರ್ ಹತ್ತಿರ ಮಾತಾಡಿ ಹೇಳುತ್ತೇನೆ’ ಎಂದರೆ ವಿಷಯ ಮುಂದೆ ಹೋಗಿದೆ. ‘ಪೋರ್ಟಲ್‌ನಲ್ಲಿ ಅಪ್ಲೈ ಮಾಡಿ, ನಂಬರ್ ಕಳುಹಿಸಿ’ ಎಂಬುದು ಕೇಳಲು ಜಾರಿಕೊಂಡಂತಿದ್ದರೂ ನಂಬರ್ ಕೇಳಿದರೆಂದರೆ ಹಿಂಬಾಲಿಸುವ ಮನಸ್ಸಿದೆ ಎಂದು ತಿಳಿಯಬಹುದು. ‘ನೋಡೋಣ, ಇದ್ದರೆ ಹೇಳ್ತೀನಿ’ ಎಂಬುದು ಬಹುತೇಕ ಸಂದರ್ಭಗಳಲ್ಲಿ ನಯವಾದ ಇಲ್ಲ. ಏನೂ ಉತ್ತರ ಬರದಿದ್ದರೆ ಹತ್ತು ಹದಿನೈದು ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೆಯಬಹುದು. ಹೊಸ ಮೇಲ್ ಶುರುಮಾಡಿದರೆ ಹಳೆಯದು ಕೆಳಗೆಲ್ಲೋ ಉಳಿದುಹೋಗುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯದು ಬೇಡ. ವಾಟ್ಸಾಪ್‌ನಲ್ಲಿ ‘ಮೇಲ್ ನೋಡಿದಿರಾ’ ಎಂದು ಕೇಳುವ ಸಲುಗೆ ಬಿಡುವ ಮೊದಲು ಇದ್ದವರಿಗೆ ಮಾತ್ರ ಈಗಲೂ ಇರುತ್ತದೆ.

ಸೇರ್ಪಡೆ ನಿಶ್ಚಯವಾದರೆ ಮತ್ತೆರಡು ಸಂಗತಿಗಳನ್ನು ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಕೇಳಿ ತಿಳಿಯಬೇಕು. ಭವಿಷ್ಯ ನಿಧಿಯ ಯುಎಎನ್ ಮೊದಲಿನದೇ ಮುಂದುವರಿಯುತ್ತದೆ, ನಡುವಿನ ಕಂಪನಿಯ ಹಣವನ್ನು ವರ್ಗಾಯಿಸಿಕೊಂಡರೆ ಸಾಕು. ಗ್ರಾಚ್ಯುಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಿಗಲು ಒಂದೇ ಸಂಸ್ಥೆಯಲ್ಲಿ ಐದು ವರ್ಷದ ನಿರಂತರ ಸೇವೆ ಬೇಕು. ಮೇಲಿನ ಉದಾಹರಣೆಯ ಇಂಜಿನಿಯರ್ ನಾಲ್ಕು ವರ್ಷ ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟವರು, ಅಲ್ಲಿಗೆ ಆ ಸೇವೆ ಮುಗಿಯಿತು. ಮರಳಿದ ಮೇಲೆ ಹತ್ತು ತಿಂಗಳು ಕೆಲಸ ಮಾಡಿದರೆ ಐದು ತುಂಬುತ್ತದೆ ಎಂದು ಅವರು ಲೆಕ್ಕ ಹಾಕಿದ್ದರೆ ಅದು ತಪ್ಪು, ಕಂಪನಿ ಬರವಣಿಗೆಯಲ್ಲಿ ಹಳೆಯ ಸೇವೆಯನ್ನು ಸೇರಿಸಿಕೊಡದ ಹೊರತು ಎಣಿಕೆ ಹೊಸ ಸೇರ್ಪಡೆಯ ದಿನದಿಂದಲೇ ಶುರು. ಪ್ರೊಬೇಷನ್ ಅವಧಿ, ರಜೆಯ ಲೆಕ್ಕ, ನೋಟಿಸ್ ಅವಧಿಗಳೂ ಹೊಸಬರಿಗಿರುವಂತೆಯೇ ಅನ್ವಯಿಸುವುದುಂಟು. ಹಳೆಯ ಎಂಪ್ಲಾಯಿ ನಂಬರ್ ಮತ್ತೆ ಕೊಟ್ಟರೆಂದ ಮಾತ್ರಕ್ಕೆ ಹಳೆಯ ವರ್ಷಗಳೂ ಅದರ ಜೊತೆ ಬಂದವು ಎಂದಲ್ಲ.